ದಾವೆಯ ಕೋರ್ಟ್ ಫೀ: ಮೌಲ್ಯ ಕಡಿಮೆ ತೋರಿಸಿದರೆ ಏನಾಗುತ್ತದೆ?

ಪ್ರಶ್ನೆ: ನನ್ನ 10 ಲಕ್ಷದ ಸೈಟಿಗೆ ಪಕ್ಕದವರು ತಕರಾರು ತೆಗೆದಿದ್ದಾರೆ. ಬೆಲೆ ಕಡಿಮೆ ತೋರಿಸಿ ಕೋರ್ಟ್ ಫೀ ಉಳಿಸಬಹುದಾ?

ಉತ್ತರ: ಫೀ ಸೈಟಿನ ಬೆಲೆ ಮೇಲಷ್ಟೇ ನಿಲ್ಲೋದಿಲ್ಲ, ನೀವು ಏನು ಕೇಳುತ್ತೀರಿ ಅನ್ನೋದೂ ಮುಖ್ಯ. ಕರ್ನಾಟಕದ 1958ರ ಕೋರ್ಟ್ ಫೀ ಕಾಯ್ದೆ ಪ್ರಕಾರ ಸೈಟು ನಿಮ್ಮದೇ ಅಂತ ಕೋರ್ಟ್ ಸಾರುವ ಹಕ್ಕು ಘೋಷಣೆ ಜೊತೆ ಸ್ವಾಧೀನವನ್ನೂ ಕೇಳಿದರೆ ಪೂರ್ತಿ ಮಾರುಕಟ್ಟೆ ಬೆಲೆಗೆ ಫೀ. 10 ಲಕ್ಷಕ್ಕೆ 60,875 ರೂಪಾಯಿ. ಸ್ವಾಧೀನ ನಿಮ್ಮ ಹತ್ತಿರವೇ ಇದ್ದು, ಘೋಷಣೆ ಮತ್ತು ತಡೆಯಾಜ್ಞೆ ಸಾಕು ಅಂದರೆ ಅರ್ಧ ಬೆಲೆಗೆ, ಅಂದರೆ 33,375. ಬರೀ ತಡೆಯಾಜ್ಞೆಗೆ 1,000 ರೂಪಾಯಿ ಮೌಲ್ಯ ಹಾಕಿ 25 ರೂಪಾಯಲ್ಲೇ ಮುಗಿಸುವವರು ಜಾಸ್ತಿ.

ಎಡವಟ್ಟು ಇಲ್ಲೇ ಆಗೋದು. ಎದುರಾಳಿ ನಿಮ್ಮ ಹಕ್ಕನ್ನೇ ಅಲ್ಲಗಳೆದರೆ ಅದೇ ತಡೆಯಾಜ್ಞೆಗೂ ಅರ್ಧ ಬೆಲೆಯ ಫೀ ಬೀಳುತ್ತದೆ. ಹಕ್ಕಿನ ಬಗ್ಗೆ ಗಂಭೀರ ತಕರಾರಿದ್ದರೆ ಘೋಷಣೆಯನ್ನೂ ಕೇಳಲೇಬೇಕು ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಅನತುಲ ಸುಧಾಕರ್ ಪ್ರಕರಣದಲ್ಲಿ ಹೇಳಿದೆ. ಕೇಳದಿದ್ದರೆ ವರ್ಷಗಟ್ಟಲೆ ನಡೆಸಿದ ದಾವೆ ಕೊನೆಗೆ ವಜಾ ಆಗಬಹುದು.

ಬೆಲೆಯನ್ನೇ ಕಡಿಮೆ ಬರೆದರೆ ಎದುರಾಳಿ ಲಿಖಿತ ಹೇಳಿಕೆಯಲ್ಲಿ ಆಕ್ಷೇಪ ಎತ್ತುತ್ತಾರೆ. ಲೆಕ್ಕಕ್ಕೆ ಬರೋದು ದಾವೆ ಹಾಕಿದ ದಿನದ ಬೆಲೆ, ನೀವು ಕೊಂಡಾಗಿನದ್ದಲ್ಲ. ಕೋರ್ಟ್ ಕೊಟ್ಟ ಗಡುವಿನಲ್ಲಿ ಬಾಕಿ ಕಟ್ಟದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7, ನಿಯಮ 11ರಂತೆ ದಾವೆಪತ್ರ ತಿರಸ್ಕಾರವಾಗುತ್ತದೆ. ಸರಿಯಾದ ಮೌಲ್ಯ ಆ ನ್ಯಾಯಾಲಯ ವಿಚಾರಿಸಬಹುದಾದ ಹಣದ ಮಿತಿ ಮೀರಿದರೆ ದಾವೆಪತ್ರವನ್ನು ವಾಪಸ್ ಕೊಡುತ್ತಾರೆ. ಬೇರೆ ಕೋರ್ಟಿನಲ್ಲಿ ಮತ್ತೆ ಹಾಕಬೇಕು. ಅಷ್ಟರಲ್ಲಿ ಸಿಕ್ಕಿದ್ದ ಮಧ್ಯಂತರ ತಡೆಯಾಜ್ಞೆಯೂ ಕೈತಪ್ಪಬಹುದು, ಅಲ್ವಾ?