ಅಪ್ಪನ ಕಂಪ್ಯೂಟರ್‌ನ ಪಾಸ್‌ವರ್ಡ್ ತಂಗಿಗೂ ಸಿಗಬೇಕು

ಊರಲ್ಲಿರೋ ಅಪ್ಪನ ಕಂಪ್ಯೂಟರನ್ನು ದೂರದಿಂದಲೇ ಬಳಸೋಕೆ ಎನಿಡೆಸ್ಕ್ ಹಾಕಿದ್ದೀನಿ, ಅದರ ಪಾಸ್‌ವರ್ಡ್ ನನ್ನ ಪಾಸ್‌ವರ್ಡ್‌ಗಳನ್ನೆಲ್ಲ ಇಡೋ ಬಿಟ್‌ವಾರ್ಡನ್‌ನಲ್ಲಿದೆ. ಮಾಸ್ಟರ್ ಪಾಸ್‌ವರ್ಡ್ ಹೇಳದೆ ತಂಗಿಗೂ ಕೊಡೋದು ಹೇಗೆ?

ತಂಗಿ ಬಿಟ್‌ವಾರ್ಡನ್‌ನಲ್ಲಿ ತನ್ನದೇ ಖಾತೆ ಮಾಡಿಕೊಳ್ಳಲಿ. ನೀವು ವೆಬ್ ವಾಲ್ಟ್‌ನಲ್ಲಿ New organization ಒತ್ತಿ, ಹಂಚುವ ಐಟಂ ಇಡೋಕೆ ಅದರಲ್ಲಿ ಒಂದು ಕಲೆಕ್ಷನ್ ಮಾಡಿ, ಎನಿಡೆಸ್ಕ್ ನಂಬರ್, ಪಾಸ್‌ವರ್ಡ್ ಇರುವ ಆ ಒಂದು ಐಟಂ ಮಾತ್ರ ಅದಕ್ಕೆ ಹಾಕಿ. ಇಬ್ಬರೇ ಆದರೆ ಇದು ಉಚಿತ. ಆಮೇಲೆ ಅವಳಿಗೆ ಇಮೇಲ್‌ನಲ್ಲಿ ಆಹ್ವಾನ ಕಳಿಸಿ, ಅವಳು ಒಪ್ಪಿದ ಮೇಲೆ ನೀವು ಮತ್ತೆ ಹೋಗಿ Confirm ಒತ್ತಬೇಕು. ಜಾಸ್ತಿ ಜನ ಮರೆಯೋದು ಇದನ್ನೇ. ಹಂಚಿದ ವಾಲ್ಟ್‌ನ ಕೀಲಿ ಅವಳ ಖಾತೆಗೆ ಹೋಗೋದು ಆಗಲೇ, ಅಲ್ಲಿಯವರೆಗೆ ಅವಳಿಗೆ ಏನೂ ಕಾಣಿಸಲ್ಲ.

ತಂಗಿಗೆ ಪಾಸ್‌ವರ್ಡ್ ಕಾಣದಂತೆ ಮರೆಮಾಡುವ ಆಯ್ಕೆಯನ್ನು ಜಾಸ್ತಿ ನಂಬಬೇಡಿ. ಆಟೋಫಿಲ್ ಆಗುವುದನ್ನು ಹೇಗೋ ನೋಡಿಬಿಡಬಹುದು. ಮುಂದೆ ಯಾರನ್ನಾದರೂ ತೆಗೆದರೆ, ಎನಿಡೆಸ್ಕ್‌ನಲ್ಲೂ ಪಾಸ್‌ವರ್ಡ್ ಬದಲಾಯಿಸಿ.