ಒಂದು ಸ್ನಾನಕ್ಕೆ ಗೀಸರ್ ಖರ್ಚು

“ನಮ್ಮದು 15 ಲೀಟರ್, 2000 ವ್ಯಾಟ್ ಗೀಸರ್. ಸ್ನಾನಕ್ಕೆ ಅರ್ಧ ಗಂಟೆ ಹಾಕುತ್ತೇವೆ. ಯೂನಿಟ್‌ಗೆ 6 ರೂಪಾಯಿ. ಒಂದು ಸ್ನಾನಕ್ಕೆ ಎಷ್ಟಾಗುತ್ತದೆ?”

2000 ವ್ಯಾಟ್ ಎಂದರೆ 2 ಕಿಲೋವ್ಯಾಟ್. ಅದು ಅರ್ಧ ಗಂಟೆ ಬಿಡದೆ ಉರಿದರೆ 1 ಯೂನಿಟ್, ಅಂದರೆ 6 ರೂಪಾಯಿ. ಆದರೆ ನಿಮಗೆ ಅಷ್ಟು ಆಗಲಾರದು. ನೀರು ಕಾದೊಡನೆ ಥರ್ಮೋಸ್ಟಾಟ್ ವಿದ್ಯುತ್ತನ್ನು ಕಡಿದುಬಿಡುತ್ತದೆ. 25 ಡಿಗ್ರಿಯ 15 ಲೀಟರ್ ನೀರು 60 ಡಿಗ್ರಿಗೆ ಏರಲು ಸುಮಾರು 18 ನಿಮಿಷ ಸಾಕು. ಆದ್ದರಿಂದ ಸ್ವಿಚ್ ಹಾಕಿದ ಹೊತ್ತನ್ನಲ್ಲ, ನೀರು ಕಾಯುತ್ತಿರುವಾಗ ಗೀಸರ್ ಮೇಲಿನ ದೀಪ ಉರಿದ ನಿಮಿಷಗಳನ್ನೇ ಎಣಿಸಿ:

2 × 18 ÷ 60 = 0.6 ಯೂನಿಟ್
0.6 × 6 = 3.60 ರೂಪಾಯಿ

ಸ್ವಿಚ್ ಆರಿಸದೆ ಸ್ನಾನ ಮಾಡಿದರೆ ತಣ್ಣೀರು ಒಳನುಗ್ಗಿ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ. ಆ ನಿಮಿಷಗಳನ್ನೂ ಸೇರಿಸಿಕೊಳ್ಳಿ.