ಲಿಖ್ ಲೋ, ಲಿಖ್ ದೋ: ಕನ್ನಡದಲ್ಲೇ ಸುಳಿವಿದೆ

“ಹಿಂದಿಯಲ್ಲಿ ‘ಪತಾ ಲಿಖ್ ಲೋ’, ‘ಪತಾ ಲಿಖ್ ದೋ’ ಎರಡೂ ‘ವಿಳಾಸ ಬರಿ’ ಅಂತಾನೇ ಅಲ್ವಾ? ‘ಗಯಾ’ ಯಾವಾಗ ಬರುತ್ತೆ?”

ಮೊದಲನೆಯದು ‘ಬರೆದುಕೋ’, ಎರಡನೆಯದು ‘ಬರೆದುಕೊಡು’. ‘ಲೋ’ ಲೇನಾದ ರೂಪ, ‘ದೋ’ ದೇನಾದ ರೂಪ. ಲೇನಾ ಬಂದರೆ ಕೆಲಸದ ಫಲ ಮಾಡಿದವರಿಗೇ, ದೇನಾ ಬಂದರೆ ಇನ್ನೊಬ್ಬರಿಗೆ. ನಮ್ಮ ಕೊಳ್ಳು, ಕೊಡು ಇದ್ದ ಹಾಗೆ. ಆದರೆ ಇದನ್ನು ಎಲ್ಲ ಕಡೆ ಎಳೆಯಬೇಡಿ. ‘ಉಸ್ನೇ ಕಾಮ್ ಛೋಡ್ ದಿಯಾ’ ಅಂದರೆ ಕೆಲಸ ಬಿಟ್ಟುಬಿಟ್ಟ. ಅಲ್ಲಿ ಯಾರಿಗೂ ಏನೂ ಕೊಟ್ಟಿಲ್ಲ, ದಿಯಾ ನಮ್ಮ ‘ಬಿಡು’ ಆಗಿದೆ.

‘ಗಯಾ’ ಜಾನಾದ ರೂಪ. ಜಾನಾ ಹೆಚ್ಚಾಗಿ ತಾನಾಗಿ ಆಗುವ ಕ್ರಿಯೆಗಳ ಜೊತೆ ಬರುತ್ತದೆ: ‘ಬಚ್ಚಾ ಸೋ ಗಯಾ’, ಮಗು ಮಲಗಿಬಿಟ್ಟಿತು. ನಾನು ಜಾಸ್ತಿ ಎಡವಿದ್ದು ಕೆಲಸ ಮಾಡಿದವರ ಹೆಸರಿನ ಜೊತೆ ಬರುವ ‘ನೇ’ ವಿಷಯದಲ್ಲಿ. ‘ಬಿಲ್ಲೀ ನೇ ದೂಧ್ ಪೀ ಲಿಯಾ’ ಸರಿ. ಇಲ್ಲಿ ‘ಲಿಯಾ’ ಹಾಲಿನ ಲಿಂಗಕ್ಕೆ ಹೊಂದುತ್ತದೆ. ಜಾನಾ ಬಂದರೆ ‘ನೇ’ ಹೋಗುತ್ತದೆ, ಕ್ರಿಯಾಪದ ಬೆಕ್ಕಿಗೆ ಹೊಂದುತ್ತದೆ: ‘ಬಿಲ್ಲೀ ದೂಧ್ ಪೀ ಗಯೀ’. ಇದರಲ್ಲಿ ‘ಅಯ್ಯೋ, ಪೂರ್ತಿ ಕುಡಿದುಬಿಡ್ತು’ ಅನ್ನುವ ಧ್ವನಿಯೂ ಇದೆ.

‘ಇಲ್ಲ’ ಅನ್ನುವಾಗ ಸಾಮಾನ್ಯವಾಗಿ ಈ ಬಾಲ ಬೇಡ. ‘ಮೈನೇ ನಹೀಂ ಲಿಖಾ’ ಅಂದರೆ ಸಾಕು. ‘ನಹೀಂ ಲಿಖ್ ಲಿಯಾ’ ಅಂದರೆ ಕೇಳಿದವರು ಹುಬ್ಬೇರಿಸುತ್ತಾರೆ.